‘ಟ್ಯಾಲಿ ಮಾಡಿಬಿಡು’

ಆರನೇ ಸೆಮ್ ಮುಗಿದ ಮೇಲೆ ಒಂದು ಕಟ್ಟಡದ ಸೈಟ್‌ನಲ್ಲಿ ಇಂಟರ್ನ್‌ಶಿಪ್ ಮಾಡ್ತಿದ್ದೆ. ನನ್ನ ಕೆಲಸ ಕ್ಯೂಬ್ ಟೆಸ್ಟ್ ರಿಜಿಸ್ಟರ್ ಬರೆಯೋದು. ಸಿವಿಲ್ ಅಲ್ಲದವರಿಗಾಗಿ ಒಂದು ಮಾತು: ಸ್ಲ್ಯಾಬ್‌ಗೆ ಕಾಂಕ್ರೀಟ್ ಹಾಕುವ ದಿನ ಅದೇ ಮಿಕ್ಸ್‌ನಿಂದ 150 ಮಿ.ಮೀ. ಅಳತೆಯ ಕ್ಯೂಬ್‌ಗಳನ್ನು ಮಾಡಿ, ನೀರಲ್ಲಿ ಇಟ್ಟು, 28ನೇ ದಿನ ಮೆಷಿನ್‌ನಲ್ಲಿ ಒತ್ತಿ ಒಡೆಯುತ್ತಾರೆ. ಎಂ25 ಕಾಂಕ್ರೀಟ್ ಆದ್ರೆ ಚದರ ಮಿಲಿಮೀಟರ್‌ಗೆ 25 ನ್ಯೂಟನ್ ಆಸುಪಾಸು ತಡೀಬೇಕು. ಅವತ್ತು ಮೂರು ಕ್ಯೂಬ್‌ಗಳ ಸರಾಸರಿ 19 ಬಂತು.

ಸೈಟ್ ಎಂಜಿನಿಯರ್ ಬೈಯಲಿಲ್ಲ, ಗಾಬರಿನೂ ಆಗಲಿಲ್ಲ. “ಕ್ಯೂಬ್ ಸರಿಯಾಗಿ ಕ್ಯೂರಿಂಗ್ ಆಗಿರಲ್ಲ ಬಿಡಪ್ಪ. ಸ್ಲ್ಯಾಬ್ ಚೆನ್ನಾಗೇ ಇದೆ. ರಿಜಿಸ್ಟರ್ ಟ್ಯಾಲಿ ಮಾಡಿಬಿಡು” ಅಂದ್ರು. ನಾನು 27.4 ಅಂತ ಬರೆದೆ. ಪಾಯಿಂಟ್ ನಾಲ್ಕು ಯಾಕೆ ಹಾಕಿದೆ ಅಂದ್ರೆ, ಬರೀ 27 ಅಂತಿದ್ರೆ ಸುಳ್ಳು ಅನ್ನಿಸುತ್ತೆ ಅಂತ. ರಾತ್ರಿ ನಿದ್ದೆ ಚೆನ್ನಾಗೇ ಬಂತು.

ಆ ನಿದ್ದೆ ಹೇಗೆ ಬಂತು ಅನ್ನೋದೇ ಈ ಲೇಖನದ ವಿಷಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಇದಕ್ಕೆ ಮಾರಲ್ ಡಿಸ್‌ಎಂಗೇಜ್‌ಮೆಂಟ್ ಅಂತ ಹೆಸರಿಟ್ಟರು. ಹೆಸರಿನಲ್ಲೇ ಅರ್ಧ ವಿಷಯ ಇದೆ. ಕ್ಲಚ್ ಒತ್ತಿದಾಗ ಎಂಜಿನ್ ಕೆಡೋದಿಲ್ಲ, ಓಡ್ತಾನೇ ಇರುತ್ತೆ, ಚಕ್ರಕ್ಕೆ ಮಾತ್ರ ಶಕ್ತಿ ಹೋಗಲ್ಲ. ಹಾಗೆಯೇ ತಪ್ಪು ಮಾಡುವವನಿಗೆ ನೀತಿಯೇ ಇಲ್ಲ ಅಂತಲ್ಲ. ಅವತ್ತು ನಾನು ಸಂಜೆ ಅಂಗಡಿಯವನು ಹೆಚ್ಚಿಗೆ ಕೊಟ್ಟ ಚಿಲ್ಲರೆ ವಾಪಸ್ ಕೊಟ್ಟಿದ್ದೆ. ನೀತಿ ಇತ್ತು, ಆದರೆ ರಿಜಿಸ್ಟರ್ ಬರೆಯೋ ಕೈಗೆ ಅದರ ಸಂಪರ್ಕ ತಪ್ಪಿತ್ತು.

ಈ ಸಂಪರ್ಕ ತಪ್ಪಿಸೋ ದಾರಿಗಳು ಎಂಟು ಅಂತ ಬಂಡೂರ ಪಟ್ಟಿ ಮಾಡಿದ್ದಾರೆ. ಎಂಟನ್ನೂ ಇಲ್ಲಿ ಹೇಳೋಕೆ ಹೋಗಲ್ಲ. ನಮ್ಮ ಕೆಲಸದಲ್ಲಿ ಜಾಸ್ತಿ ಸಿಗೋದು ಎರಡು: ಕೆಲಸದ ಹೆಸರು ಬದಲಾಯಿಸೋದು, ಹೊಣೆಯನ್ನು ಹಂಚಿಬಿಡೋದು.

ಹೊಣೆ ಹಂಚೋದಕ್ಕೂ, ಎದುರಿನವರನ್ನು ಮನುಷ್ಯರೇ ಅಲ್ಲ ಅನ್ನೋ ಹಾಗೆ ನೋಡೋದಕ್ಕೂ ಎಷ್ಟು ಬಲ ಇದೆ ಅಂತ ನೋಡೋಕೆ ಬಂಡೂರ ಮತ್ತು ಜೊತೆಗಾರರು 1975ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಕಾಲೇಜು ಹುಡುಗರು ಇನ್ನೊಂದು ಗುಂಪಿನವರ ತಪ್ಪಿಗೆ ಶಾಕ್ ಕೊಡಬೇಕು. ಎಷ್ಟು ಜೋರು ಅನ್ನೋದು ಅವರ ಇಷ್ಟ. (ಶಾಕ್ ನಿಜವಾಗಿ ಯಾರಿಗೂ ತಗಲ್ತಿರಲಿಲ್ಲ.) ಶುರುವಿಗೆ ಮುಂಚೆ ಆ ಗುಂಪಿನ ಬಗ್ಗೆ ಯಾರೋ ಆಡಿದ ಮಾತು ಅಕಸ್ಮಾತ್ ಅನ್ನೋ ಹಾಗೆ ಇವರ ಕಿವಿಗೆ ಬೀಳುತ್ತಿತ್ತು. ಕೆಲವರಿಗೆ ಒಳ್ಳೆ ಮಾತು, ಕೆಲವರಿಗೆ ‘ಅವರು ಪ್ರಾಣಿಗಳ ಥರ’ ಅನ್ನೋ ಮಾತು. ಎರಡನೆಯದನ್ನು ಕೇಳಿಸಿಕೊಂಡವರು ಹೆಚ್ಚು ಜೋರಾದ ಶಾಕ್ ಕೊಟ್ಟರು. ಶಾಕ್‌ನ ಮಟ್ಟ ತಂಡದ ಎಲ್ಲರ ಆಯ್ಕೆ ಸೇರಿ ತೀರ್ಮಾನ ಆಗುತ್ತೆ ಅಂತ ಹೇಳಿದಾಗಲೂ ಜೋರು ಏರಿತು.

ಈಗ ಪ್ರಯೋಗಾಲಯದಿಂದ ಆಚೆ ಬಂದು ಫೋಕ್ಸ್‌ವ್ಯಾಗನ್ ಕಥೆಗೆ ಹೋಗೋಣ. 2006ರ ಹೊತ್ತಿಗೆ ಆ ಕಂಪನಿ ಅಮೆರಿಕದಲ್ಲಿ ಮಾರೋಕೆ ಹೊಸ ಡೀಸೆಲ್ ಎಂಜಿನ್ ಮಾಡ್ತಿತ್ತು. ಅಲ್ಲಿ ಸಾರಜನಕದ ಆಕ್ಸೈಡ್‌ಗಳ ಮಿತಿ ಬಿಗಿಯಾಗಿತ್ತು. ಇವು ಶ್ವಾಸಕೋಶಕ್ಕೆ ತೊಂದರೆ ಕೊಡೋ ಅನಿಲಗಳು. ಮಿತಿಯನ್ನೂ ಪಾಲಿಸಿ, ಗ್ರಾಹಕರು ಮೆಚ್ಚೋ ಹಾಗೂ ಇರೋ ಎಂಜಿನ್ ಮಾಡೋಕೆ ಆಗಲ್ಲ ಅಂತ ಎಂಜಿನಿಯರ್‌ಗಳಿಗೆ ಗೊತ್ತಾಯ್ತು. ಆಗ ಸಾಫ್ಟ್‌ವೇರ್ ಬರೆದರು. ಕಾರು ಟೆಸ್ಟ್ ರೋಲರ್ ಮೇಲೆ ಓಡ್ತಿದೆಯಾ, ರಸ್ತೆ ಮೇಲಾ ಅಂತ ಅದು ಪತ್ತೆ ಹಚ್ಚುತ್ತೆ. ಟೆಸ್ಟ್ ಆದ್ರೆ ಹೊಗೆ ಶುದ್ಧ ಮಾಡೋ ವ್ಯವಸ್ಥೆ ಪೂರ್ತಿ ಕೆಲಸ ಮಾಡುತ್ತೆ. ರಸ್ತೆ ಆದ್ರೆ ಅದನ್ನು ತಗ್ಗಿಸಿಬಿಡುತ್ತೆ.

ಕಾನೂನಿನ ಭಾಷೆಯಲ್ಲಿ ಇದಕ್ಕೆ ‘ಡಿಫೀಟ್ ಡಿವೈಸ್’ ಅನ್ನೋ ನೇರ ಹೆಸರಿದೆ. ಒಳಗಿನವರು ಬಳಸ್ತಿದ್ದ ಹೆಸರುಗಳಲ್ಲಿ ಒಂದು ‘ಅಕೌಸ್ಟಿಕ್ ಫಂಕ್ಷನ್’. ಆಡಿಯ ಎಂಜಿನ್‌ಗಳಲ್ಲಿ ಡೀಸೆಲ್ ಸದ್ದು ಕಡಿಮೆ ಮಾಡೋ ನೆಪದಿಂದ ಬಂದ ಹೆಸರು ಅದು. ಯೋಚನೆ ಮಾಡಿ: ಮೀಟಿಂಗ್‌ನಲ್ಲಿ ‘ಸರ್ಕಾರಕ್ಕೆ ಮೋಸ ಮಾಡೋ ಕೋಡ್ ಎಲ್ಲಿಗೆ ಬಂತು?’ ಅಂತ ಯಾರೂ ಕೇಳಬೇಕಾಗಿಲ್ಲ. ‘ಅಕೌಸ್ಟಿಕ್ ಫಂಕ್ಷನ್ ಎಲ್ಲಿಗೆ ಬಂತು?’ ಅಂತ ಕೇಳಿದ್ರೆ ಸಾಕು. ಕೇಳಿದವನಿಗೂ ಮುಜುಗರ ಇಲ್ಲ, ಹೇಳಿದವನಿಗೂ ಇಲ್ಲ. ಹೊರಗಿನವರ ಕಣ್ಣಿಗೆ ಮಣ್ಣೆರಚೋದಕ್ಕಿಂತ, ಒಳಗಿನವರು ಪರಸ್ಪರ ಮುಖ ನೋಡೋಕೆ ಈ ಹೆಸರು ಹೆಚ್ಚು ಬೇಕಾಗಿತ್ತು ಅಂತ ನನಗನ್ನಿಸುತ್ತೆ.

ವಿರೋಧ ಬರಲಿಲ್ಲ ಅಂತಲ್ಲ. ಕೆಲವು ಎಂಜಿನಿಯರ್‌ಗಳು ಇದು ಸರಿನಾ ಅಂತ ಕೇಳಿದ್ರು. 2006ರ ಕೊನೆಯ ಒಂದು ಸಭೆಯಲ್ಲಿ ಮೇಲಿನವರೊಬ್ಬರು ಮುಂದುವರಿಸಿ, ಸಿಕ್ಕಿಹಾಕಿಕೊಳ್ಳಬೇಡಿ ಅನ್ನೋ ಅರ್ಥದಲ್ಲಿ ಹೇಳಿದ್ರು ಅಂತ ಮುಂದೆ ಅಮೆರಿಕದ ಕೋರ್ಟ್‌ನಲ್ಲಿ ಕಂಪನಿಯೇ ಒಪ್ಪಿದ ದಾಖಲೆಯಲ್ಲಿದೆ. ಅಲ್ಲಿಗೆ ಕೆಳಗಿನವರ ಹೊಣೆ ಮೇಲಕ್ಕೆ ಹೋಯ್ತು. ಉಳಿದದ್ದು ಬಿಡಿ ಬಿಡಿ ಕೆಲಸ: ಒಬ್ಬ ಸ್ಟೀರಿಂಗ್ ಕೋನ ಓದೋ ಭಾಗ ನೋಡಿಕೊಂಡ್ರೆ, ಇನ್ನೊಬ್ಬ ಕ್ಯಾಲಿಬ್ರೇಷನ್, ಮತ್ತೊಬ್ಬ ದಾಖಲೆ. ಒಂದೊಂದನ್ನೇ ನೋಡಿದ್ರೆ ಎಲ್ಲವೂ ಮಾಮೂಲಿ ಎಂಜಿನಿಯರಿಂಗ್.

2014ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರ ಅಧ್ಯಯನ ಹೊರಬಂತು. ಅವರು ಅಳತೆಯ ಉಪಕರಣವನ್ನು ಕಾರಿಗೇ ಕಟ್ಟಿ ನಿಜವಾದ ರಸ್ತೆಯಲ್ಲಿ ಓಡಿಸಿದ್ದರು. ಒಂದು ಜೆಟ್ಟಾ ಮಿತಿಯ 15ರಿಂದ 35 ಪಟ್ಟು ಅನಿಲ ಉಗುಳ್ತಿತ್ತು. 2015ರ ಸೆಪ್ಟೆಂಬರ್‌ನಲ್ಲಿ ವಿಷಯ ಬಯಲಾದಾಗ ಜಗತ್ತಿನಲ್ಲಿ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ಸಾಫ್ಟ್‌ವೇರ್ ಇದೆ ಅಂತ ಕಂಪನಿ ಒಪ್ಪಿಕೊಂಡಿತು. ಅದರ ಮುಂದಿನ ತಿಂಗಳು ಅಮೆರಿಕದ ವಿಭಾಗದ ಮುಖ್ಯಸ್ಥರು ಸಂಸತ್ ಸಮಿತಿಯ ಮುಂದೆ, ಇದು ಒಂದಿಬ್ಬರು ಸಾಫ್ಟ್‌ವೇರ್ ಎಂಜಿನಿಯರ್‌ಗಳ ಕೆಲಸ ಅನ್ನೋ ಹಾಗೆ ಹೇಳಿದ್ರು. ಮೇಲಕ್ಕೆ ಹೋಗಿದ್ದ ಹೊಣೆ ಈಗ ವಾಪಸ್ ಕೆಳಕ್ಕೆ! ತಪ್ಪೊಪ್ಪಿಕೊಂಡ ಎಂಜಿನಿಯರ್ ಜೇಮ್ಸ್ ಲಿಯಾಂಗ್‌ಗೆ 2017ರಲ್ಲಿ 40 ತಿಂಗಳ ಜೈಲು ಆಯ್ತು.

ಈ ಸಿದ್ಧಾಂತದಲ್ಲಿ ಒಂದು ತೊಡಕಿದೆ. ಮನಸ್ಸು ನೆಪ ಹುಡುಕಿ ಆಮೇಲೆ ತಪ್ಪು ಮಾಡುತ್ತಾ, ತಪ್ಪು ಮಾಡಿ ಆಮೇಲೆ ನೆಪ ಹುಡುಕುತ್ತಾ ಅನ್ನೋದನ್ನ ಬೇರ್ಪಡಿಸೋದು ಕಷ್ಟ. ಪ್ರಶ್ನಾವಳಿ ಕೊಟ್ಟು ಅಳೆದ್ರೆ ಎರಡೂ ಒಂದೇ ಥರ ಕಾಣುತ್ತೆ. ನನ್ನ ವಿಷಯದಲ್ಲಂತೂ ‘ಟ್ಯಾಲಿ’ ಮೊದಲು ಬಂತು, ಪೆನ್ನು ಆಮೇಲೆ.

ಇನ್ನೊಂದು ತೊಡಕು, ನೆಪ ಅಂತ ಕಂಡದ್ದು ನಿಜವಾದ ಕಾರಣವೂ ಆಗಿರಬಹುದು. ಕ್ಯೂಬ್‌ಗೆ ಕ್ಯೂರಿಂಗ್ ಸರಿಯಾಗದಿದ್ರೆ ಸ್ಲ್ಯಾಬ್ ಗಟ್ಟಿ ಇದ್ದರೂ ರಿಸಲ್ಟ್ ಕಡಿಮೆ ಬರುತ್ತೆ. ಸೈಟ್ ಎಂಜಿನಿಯರ್ ಹೇಳಿದ್ದು ಸುಳ್ಳೇ ಅಂತ ನಾನು ಹೇಳಲಾರೆ. ಆದರೆ ಅದನ್ನು ನಿಜವಾಗಿ ನಂಬಿದವನಿಗೆ ಮುಂದಿನ ಹೆಜ್ಜೆ ಇದೆ: ಸ್ಲ್ಯಾಬ್‌ನಿಂದಲೇ ಕೋರ್ ಕೊರೆದು ತೆಗೆದು ಟೆಸ್ಟ್ ಮಾಡಿಸೋದು. ಐಎಸ್ 456ರಲ್ಲೇ ಅದಕ್ಕೆ ದಾರಿ ಇದೆ. ಕ್ಯೂಬ್ ಫೇಲಾದ ತಕ್ಷಣ ಸ್ಲ್ಯಾಬ್ ಒಡೀರಿ ಅಂತ ಯಾರೂ ಹೇಳಲ್ಲ. ಕಾರಣ ಹೇಳಿದವನು 19 ಅಂತಲೇ ಬರೆದು, ಪಕ್ಕದಲ್ಲಿ ‘ಕೋರ್ ಟೆಸ್ಟ್ ಮಾಡಬೇಕು’ ಅಂತ ಟಿಪ್ಪಣಿ ಹಾಕ್ತಾನೆ. ನೆಪ ಹೇಳಿದವನಿಗೆ 19 ಅನ್ನೋ ಅಂಕಿಯೇ ಇರಬಾರದು. ಮೆಷಿನ್ ಪಕ್ಕದಲ್ಲಿ ನಿಂತಿದ್ದಾಗ ನನಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ ಅಂತ ಬರೆಯೋಣ ಅನ್ಕೊಂಡೆ. ಗೊತ್ತಿತ್ತು. ಕೋರ್ ಟೆಸ್ಟ್ ಬಗ್ಗೆ ಐದನೇ ಸೆಮ್‌ನಲ್ಲೇ ಓದಿದ್ದೆ.

ಆ ಕಟ್ಟಡದಲ್ಲಿ ಈಗ ಜನ ವಾಸ ಇದ್ದಾರೆ. ಈ ಲೇಖನ ಬರೆಯೋಕೆ ಕೂತಾಗ ಧೈರ್ಯ ಮಾಡಿ ಆ ಎಂಜಿನಿಯರ್‌ಗೆ ಫೋನ್ ಮಾಡಿದೆ.

“ಸರ್, ಆ ಸ್ಲ್ಯಾಬ್‌ಗೆ ಆಮೇಲೆ ಕೋರ್ ಟೆಸ್ಟ್ ಏನಾದ್ರೂ ಮಾಡಿಸಿದ್ರಾ?”

“ಯಾವ ಸ್ಲ್ಯಾಬಪ್ಪ?”

“ಮೂರನೇ ಫ್ಲೋರ್‌ದು ಸರ್. 19 ಬಂದಿತ್ತಲ್ಲ.”

ಸ್ವಲ್ಪ ಹೊತ್ತು ಏನೋ ಹುಡುಕೋ ಸದ್ದು ಕೇಳಿಸ್ತು. ಅವರ ದನಿಯಲ್ಲಿ ಕಪಟ ಇದ್ದ ಹಾಗೆ ಅನ್ನಿಸಲಿಲ್ಲ.

“ಇಲ್ವಲ್ಲಪ್ಪ. ರಿಜಿಸ್ಟರ್‌ನಲ್ಲಿ 27.4 ಇದೆ. ನಿನ್ನದೇ ಕೈಬರಹ.”