ಆಳಕ್ಕೆ ಬಿದ್ದ ಅಲಸಂದೆ

ಶಾಲೆಯ ಕೈತೋಟದಲ್ಲಿ ಒಂದು ಮಡಿ, ಅದರಲ್ಲಿ ಎರಡು ಸಾಲು. ಮೊದಲ ಸಾಲಿನಲ್ಲಿ 3 ಸೆಂಟಿಮೀಟರ್ ಆಳಕ್ಕೆ 10 ಅಲಸಂದೆ ಬೀಜ, ಎರಡನೆಯದರಲ್ಲಿ 10 ಸೆಂಟಿಮೀಟರ್ ಆಳಕ್ಕೆ ಅಷ್ಟೇ ಬೀಜ. ಆರನೇ ತರಗತಿಯ ವಿಜ್ಞಾನದ ಪಾಠಕ್ಕೂ ಕನ್ನಡದ ಪಾಠಕ್ಕೂ ಇಷ್ಟು ಸಾಮಗ್ರಿ ಸಾಕು.

ಬೀಜ ಒಂದೇ ಪೊಟ್ಟಣದ್ದು, ಮಣ್ಣು ಒಂದೇ ಮಡಿಯದು, ನೀರೂ ಸಮನಾಗಿ. ಬದಲಾಗುವುದು ಆಳ ಮಾತ್ರ. ಕಡ್ಡಿಯ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಂಡು ಅದರಿಂದಲೇ ಗುಳಿ ತೋಡಿದರೆ ಅಳತೆ ತಪ್ಪುವುದಿಲ್ಲ. ಆಮೇಲೆ ದಿನವೂ ಒಂದೇ ಹೊತ್ತಿಗೆ ಎಣಿಕೆ: ಯಾವ ಸಾಲಿನಲ್ಲಿ ಎಷ್ಟು ಮೊಳಕೆ ಮೇಲೆ ಬಂದಿವೆ?

ಬೆಚ್ಚಗಿನ ಹವೆಯಲ್ಲಿ ಮೇಲಿನ ಬೀಜಗಳು ಸುಮಾರು ಒಂದು ವಾರದೊಳಗೆ ತಲೆ ಎತ್ತುತ್ತವೆ. ಆಳದವು ಸಾಮಾನ್ಯವಾಗಿ ತಡ, ಕೆಲವು ಬರುವುದೇ ಇಲ್ಲ. ಬೆಳಕು ಕಾಣುವವರೆಗೂ ಮೊಳಕೆಗೆ ತನ್ನ ಬೇಳೆಯೊಳಗಿನ ಆಹಾರವೇ ಗತಿ. ದಾರಿ ಉದ್ದವಾದಷ್ಟೂ ಆ ಬುತ್ತಿ ಖಾಲಿಯಾಗುತ್ತದೆ. ಅಲಸಂದೆ ತನ್ನ ಬೇಳೆಗಳನ್ನೂ ಹೊತ್ತುಕೊಂಡೇ ಮೇಲೆ ಬರಬೇಕಾದ್ದರಿಂದ ಗಟ್ಟಿ ಮಣ್ಣಿನಲ್ಲಿ ಅದರ ಕಷ್ಟ ಇನ್ನೂ ಹೆಚ್ಚು.

ಕನ್ನಡದ ಪಾಠ ಶುರುವಾಗುವುದು ವರದಿ ಬರೆಯುವಾಗ. ಪ್ರಶ್ನೆ ಏನು, ಮಾಡಿದ್ದೇನು, ಕಂಡದ್ದೇನು, ಅದರಿಂದ ತಿಳಿದದ್ದೇನು ಎಂದು ನಾಲ್ಕು ಭಾಗ. ಮಕ್ಕಳ ಮೊದಲ ಕರಡಿನಲ್ಲಿ ಬಹುಶಃ ಹೀಗಿರುತ್ತದೆ: ‘ಬೀಜಗಳನ್ನು ಸ್ವಲ್ಪ ಆಳದಲ್ಲಿ ಹಾಕಿದೆವು. ಆಹಾರ ಸಾಲದೆ ಅವು ಸತ್ತುಹೋದವು.’ ಮೇಷ್ಟ್ರು ಈ ಕರಡನ್ನು ಇನ್ನೊಂದು ಗುಂಪಿನ ಕೈಗೆ ಕೊಟ್ಟು, ಇದನ್ನು ಓದಿ ಅದೇ ಪ್ರಯೋಗ ಮಾಡಿ ಎನ್ನುತ್ತಾರೆ. ಸ್ವಲ್ಪ ಎಂದರೆ ಎಷ್ಟು ಎಂಬ ಪ್ರಶ್ನೆ ತಕ್ಷಣ ಏಳುತ್ತದೆ, ಕರಡಿಗೆ ಅಳತೆ ಸೇರುತ್ತದೆ.

ಎರಡನೆಯ ವಾಕ್ಯದ ತೊಡಕು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ಮಗು ಕಂಡದ್ದು ಖಾಲಿ ನೆಲ. ಆಹಾರ ಸಾಲಲಿಲ್ಲ ಎಂಬುದು ಊಹೆ. ಹಾಗಾಗಿ ಕಂಡದ್ದರ ಭಾಗದಲ್ಲಿ ‘10 ಬೀಜಗಳಲ್ಲಿ 4 ಮಾತ್ರ ಮೇಲೆ ಬಂದವು’ ಎಂಬಂಥ ಎಣಿಕೆ ನಿಲ್ಲಬೇಕು. ಕಾರಣ ಕೊನೆಯ ಭಾಗಕ್ಕೆ ಹೋಗಬೇಕು, ಅದೂ ‘ಸಾಲದೆ ಹೋಗಿರಬಹುದು’ ಎಂದು.

ಊಹೆಯನ್ನು ಪರೀಕ್ಷಿಸಲು ಎರಡು ವಾರ ಕಳೆದ ಮೇಲೆ ಮೊಳೆಯದ ಜಾಗಗಳನ್ನು ಮೆಲ್ಲಗೆ ಅಗೆಯುತ್ತಾರೆ. ಬೆಳ್ಳಗೆ, ಕೊಕ್ಕೆಯಂತೆ ಬಾಗಿದ ಮೊಳಕೆ ಅರ್ಧ ದಾರಿಯಲ್ಲಿ ಬಾಡಿದ್ದರೆ ಊಹೆಗೆ ಬಲ ಬಂತು. ಬೀಜ ಮೆತ್ತಗಾಗಿ ನಾರುತ್ತಿದ್ದರೆ ನೀರು ಹೆಚ್ಚಾಗಿ ಕೊಳೆತಿರಬಹುದು. ಬೀಜವೇ ಇಲ್ಲದಿದ್ದರೆ ಇಲಿಯೋ ಅಳಿಲೋ ತಿಂದಿರಬಹುದು, ಆಗ ಆ ಗುಳಿಯನ್ನು ಆಳದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇದೆಲ್ಲವೂ ವರದಿಗೆ ಸೇರುತ್ತದೆ.

ಹತ್ತು ಬೀಜ ಬಹಳ ಕಡಿಮೆ. ಎರಡು ಸಾಲುಗಳ ನಡುವೆ ಒಂದೆರಡು ಮೊಳಕೆಗಳ ವ್ಯತ್ಯಾಸವಷ್ಟೇ ಇದ್ದರೆ ಅದು ಆಳದಿಂದಲೇ ಆಯಿತು ಎನ್ನಲಾಗದು. ಆರು ಗುಂಪುಗಳೂ ಹೀಗೇ ಬಿತ್ತಿ ಲೆಕ್ಕ ಕೂಡಿಸಿದರೆ ಪ್ರತಿ ಆಳಕ್ಕೆ 60 ಬೀಜಗಳಾಗುತ್ತವೆ, ತೀರ್ಮಾನ ಬರೆಯಲು ಧೈರ್ಯ ಬರುತ್ತದೆ. ಮುಂದಿನ ವರದಿಗೆ ಪ್ರಶ್ನೆಯೂ ಇಲ್ಲೇ ಸಿಗುತ್ತದೆ: ಬುತ್ತಿ ಇನ್ನೂ ಚಿಕ್ಕದಾದ ಸಾಸಿವೆ ಎಷ್ಟು ಆಳದಿಂದ ಮೇಲೆ ಬಂದೀತು?