ಪಿಂಚಣಿ ಬೇರೆ ಊರಿಗೆ: ಬ್ಯಾಂಕಿಗೆ ಒಂದು ಪತ್ರ

ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ ಇದೆ. 1984ರಲ್ಲಿ ಶುರುವಾದ ಕಾರ್ಖಾನೆ ಅದು. ರೈಲಿನ ಗಾಲಿ, ಅಚ್ಚು ಅಲ್ಲಿ ತಯಾರಾಗುತ್ತವೆ. ಅಲ್ಲಿ ದುಡಿದು ನಿವೃತ್ತರಾದವರು ಸುತ್ತಮುತ್ತಲ ಬಡಾವಣೆಗಳಲ್ಲಿ ಬಹಳ ಮಂದಿ ಇದ್ದಾರೆ. ಅವರ ಪಿಂಚಣಿ ಬ್ಯಾಂಕಿನ ಮೂಲಕ ಬರುತ್ತದೆ.

ಅಂಥ ಒಬ್ಬ ತಾಯಿ ಇದ್ದಾರೆ ಅಂತ ಇಟ್ಟುಕೊಳ್ಳೋಣ. ಅವರ ಪಿಂಚಣಿ ಖಾತೆ ಯಲಹಂಕದ ಶಾಖೆಯಲ್ಲಿದೆ. ಈಗ ಅವರು ಶಿವಮೊಗ್ಗಕ್ಕೆ ಹೋಗಿ ಮಗಳ ಮನೆಯಲ್ಲಿ ಇರಬೇಕು ಅಂತ ಮಾಡಿದ್ದಾರೆ. ಪಿಂಚಣಿ ಒಂದು ತಿಂಗಳು ತಪ್ಪಿದರೂ ಔಷಧಿಗೆ ಮಗಳ ಮುಂದೆ ಕೈ ಚಾಚಬೇಕು. ಹಾಗಾಗಬಾರದು. ಅದಕ್ಕೆ ಅವರು ಏನು ಮಾಡಬೇಕು? ನಾವು ಒಂದೊಂದಾಗಿ ನೋಡೋಣ.

ಖಾತೆ ಬೇರೆ, ಪಿಂಚಣಿ ಬೇರೆ

ಮೊದಲು ಒಂದು ಮಾತು ತಿಳಿದಿರಲಿ. ಉಳಿತಾಯ ಖಾತೆ ನಮ್ಮದು. ಪಿಂಚಣಿ ಸರ್ಕಾರ ಕೊಡುವ ಹಣ. ಅದನ್ನು ಯಾರಿಗೆ, ಎಷ್ಟು ಕೊಡಬೇಕು ಅಂತ ಒಂದು ಆದೇಶ ಇರುತ್ತದೆ. ಅದರ ಹೆಸರು ಪಿಂಚಣಿ ಪಾವತಿ ಆದೇಶ. ಎಲ್ಲರೂ ಅದನ್ನು ಪಿ.ಪಿ.ಓ. ಅಂತಾರೆ. ಅದಕ್ಕೆ ಅದರದೇ ಒಂದು ನಂಬರು ಇದೆ. ಖಾತೆಯ ನಂಬರು ಬೇರೆ, ಪಿ.ಪಿ.ಓ. ನಂಬರು ಬೇರೆ.

ಈಗ ಪಿಂಚಣಿಯ ಲೆಕ್ಕವನ್ನು ಶಾಖೆಯಲ್ಲಿ ಮಾಡುವುದಿಲ್ಲ. ಬ್ಯಾಂಕಿಗೆ ಪಿಂಚಣಿಗೆಂದೇ ಒಂದು ಕೇಂದ್ರ ಕಚೇರಿ ಇರುತ್ತದೆ. ಅದಕ್ಕೆ ಸಿ.ಪಿ.ಪಿ.ಸಿ. ಅಂತಾರೆ. ಹಣವನ್ನು ಖಾತೆಗೆ ಹಾಕೋದು ಆ ಕಚೇರಿಯೇ. ನಾವು ಪತ್ರವನ್ನು ಶಾಖೆಗೆ ಕೊಡುತ್ತೇವೆ. ಶಾಖೆಯವರು ಆ ಕಚೇರಿಗೆ ತಿಳಿಸುತ್ತಾರೆ. “ಖಾತೆ ವರ್ಗ ಮಾಡಿ” ಅಂತ ಮಾತ್ರ ಬರೆದರೆ ಪಿಂಚಣಿಯ ಸುದ್ದಿ ಅಲ್ಲಿಗೆ ಮುಟ್ಟದೆ ಹೋಗಬಹುದು. “ಖಾತೆಯ ಜೊತೆ ಪಿಂಚಣಿಯನ್ನೂ ವರ್ಗ ಮಾಡಿ” ಅಂತ ಬರೆಯಬೇಕು.

ಪತ್ರ ಬೇಕೇ ಬೇಕೇ?

ಈಗ ಯಾವ ಊರಿನಲ್ಲಿದ್ದರೂ ನಮ್ಮ ಬ್ಯಾಂಕಿನ ಶಾಖೆಯಲ್ಲಿ ಹಣ ತೆಗೆಯಬಹುದಲ್ಲ ಅಂತ ನೀವು ಕೇಳಬಹುದು. ನಿಜ. ನವೆಂಬರ್‌ನಲ್ಲಿ ಕೊಡುವ ಜೀವಂತ ಪ್ರಮಾಣ ಪತ್ರವನ್ನೂ ಅದೇ ಬ್ಯಾಂಕಿನ ಯಾವ ಶಾಖೆಗಾದರೂ ಕೊಡಬಹುದು. ನಾಲ್ಕು ತಿಂಗಳು ಮಗಳ ಮನೆಗೆ ಹೋಗಿ ಬರುವವರಿಗೆ ಈ ಪತ್ರದ ಅಗತ್ಯ ಇಲ್ಲ.

ಆದರೆ ಪೂರ್ತಿ ಊರು ಬಿಡುವವರ ಮಾತು ಬೇರೆ. ಪಿಂಚಣಿ ಕಡಿಮೆ ಬಂತು, ಬಾಕಿ ಬರಲಿಲ್ಲ, ವಿಳಾಸ ಬದಲಾಗಬೇಕು ಅಂದರೆ ನಮ್ಮ ಶಾಖೆಗೇ ಹೋಗು ಅಂತಾರೆ. ನಾಳೆ ಮನೆಯವರು ಕುಟುಂಬ ಪಿಂಚಣಿ ಕೇಳಬೇಕಾದರೂ ಅಲ್ಲಿಗೇ ಹೋಗಬೇಕಾಗುತ್ತದೆ. ಶಿವಮೊಗ್ಗದಿಂದ ಯಲಹಂಕಕ್ಕೆ ಪದೇ ಪದೇ ಬರೋದು ಆಗದ ಮಾತು.

ಪತ್ರ ಹೀಗಿರಲಿ

ಇಂದ,
(ಹೆಸರು, ಪಿ.ಪಿ.ಓ.ದಲ್ಲಿ ಇರುವ ಹಾಗೆಯೇ)
(ಈಗಿನ ವಿಳಾಸ), ಯಲಹಂಕ, ಬೆಂಗಳೂರು

ಗೆ,
ಶಾಖಾ ವ್ಯವಸ್ಥಾಪಕರು,
(ಬ್ಯಾಂಕಿನ ಹೆಸರು), ಯಲಹಂಕ ಶಾಖೆ

ಮಾನ್ಯರೇ,

ವಿಷಯ: ಪಿಂಚಣಿ ಖಾತೆಯನ್ನು ಶಿವಮೊಗ್ಗ ಶಾಖೆಗೆ ವರ್ಗ ಮಾಡುವ ಬಗ್ಗೆ.

ನಾನು ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತಳಾಗಿದ್ದೇನೆ. ತಮ್ಮ ಶಾಖೆಯ ಉಳಿತಾಯ ಖಾತೆ ನಂಬರು ........ರಲ್ಲಿ ಪಿಂಚಣಿ ಪಡೆಯುತ್ತಿದ್ದೇನೆ. ನನ್ನ ಪಿ.ಪಿ.ಓ. ನಂಬರು ......... ನಾನು ಇನ್ನು ಮುಂದೆ ಶಿವಮೊಗ್ಗದಲ್ಲಿ ನೆಲೆಸುತ್ತೇನೆ. ದಯವಿಟ್ಟು ನನ್ನ ಖಾತೆಯನ್ನೂ ಪಿಂಚಣಿಯನ್ನೂ ತಮ್ಮ ಬ್ಯಾಂಕಿನ ಶಿವಮೊಗ್ಗದ ........ ಶಾಖೆಗೆ ವರ್ಗ ಮಾಡಿ, ಪಿಂಚಣಿ ಕೇಂದ್ರ ಕಚೇರಿಗೂ ತಿಳಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಶಿವಮೊಗ್ಗದ ವಿಳಾಸ: ......... ಫೋನ್: .........

ಪಿ.ಪಿ.ಓ., ಪಾಸ್‌ಬುಕ್ಕಿನ ಮೊದಲ ಪುಟ, ಗುರುತಿನ ಚೀಟಿ, ಹೊಸ ವಿಳಾಸದ ದಾಖಲೆ, ಇವುಗಳ ನಕಲು ಇಟ್ಟಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ)
ದಿನಾಂಕ: ........

ಸಹಿ ಬ್ಯಾಂಕಿನಲ್ಲಿ ಇರುವ ಹಾಗೆಯೇ ಇರಬೇಕು. ಮೊದಲು ಹೆಬ್ಬೆಟ್ಟು ಒತ್ತಿ ಖಾತೆ ತೆರೆದವರು ಈಗ ಸಹಿ ಕಲಿತಿದ್ದರೆ, ಆ ಸಹಿಯನ್ನು ಬ್ಯಾಂಕಿನಲ್ಲಿ ಮೊದಲು ದಾಖಲು ಮಾಡಿಸಿ. ಇಲ್ಲದಿದ್ದರೆ ಸಹಿ ಹೊಂದುವುದಿಲ್ಲ ಅಂತ ಪತ್ರ ವಾಪಸ್ ಬರುತ್ತದೆ.

ಕೊಡುವಾಗ

ಪತ್ರ ಎರಡು ಪ್ರತಿ ಇರಲಿ. ಒಂದನ್ನು ಬ್ಯಾಂಕಿಗೆ ಕೊಡಿ. ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ನಾವು ಯಾವತ್ತು ಕೊಟ್ಟೆವು ಅನ್ನೋದಕ್ಕೆ ಅದೇ ಸಾಕ್ಷಿ. ಬ್ಯಾಂಕಿನವರು ತಮ್ಮದೇ ಫಾರಂ ಕೊಟ್ಟರೆ ಅದನ್ನೂ ತುಂಬಿ. ಖಾತೆಯ ಮೇಲೆ ಪಿಂಚಣಿ ಸಾಲ ಇದ್ದರೆ ಅದನ್ನು ಮೊದಲೇ ಹೇಳಿಬಿಡಿ.

ಆಮೇಲೆ ಒಂದು ಪ್ರಶ್ನೆ ಕೇಳಿ: “ಸಾರ್, ನನ್ನ ಖಾತೆ ನಂಬರು ಇದೇ ಇರುತ್ತದೆಯೋ, ಬದಲಾಗುತ್ತದೆಯೋ?”

ಅನೇಕ ಬ್ಯಾಂಕುಗಳಲ್ಲಿ ನಂಬರು ಅದೇ ಇರುತ್ತದೆ. ಶಾಖೆಯ ಹೆಸರು ಮತ್ತು ಐ.ಎಫ್.ಎಸ್.ಸಿ. ಅನ್ನುವ ಶಾಖೆಯ ಗುರುತು ಮಾತ್ರ ಬದಲಾಗುತ್ತವೆ. ನಂಬರೇ ಬದಲಾಗುತ್ತದೆ ಅಂದರೆ ಎಚ್ಚರ ಬೇಕು. ಹೊಸ ಖಾತೆಗೆ ಪಿಂಚಣಿ ಬಂದದ್ದನ್ನು ಕಣ್ಣಾರೆ ನೋಡುವ ತನಕ ಹಳೆ ಖಾತೆ ಮುಚ್ಚಬೇಡಿ. ಆತುರದಲ್ಲಿ ಮುಚ್ಚಿದರೆ ಹಳೆ ನಂಬರಿಗೆ ಬಂದ ಹಣ ವಾಪಸ್ ಹೋಗುತ್ತದೆ. ಅದನ್ನು ಮತ್ತೆ ತರಿಸೋದಕ್ಕೆ ಅಲೆದಾಡಬೇಕು.

ಬಂತೋ ಇಲ್ಲವೋ ತಿಳಿಯೋದು ಹೇಗೆ?

ನಮ್ಮ ತಾಯಿ ಜೂನ್ 12ಕ್ಕೆ ಪತ್ರ ಕೊಟ್ಟರು ಅಂದುಕೊಳ್ಳಿ. ಕೇಂದ್ರ ಸರ್ಕಾರದ ಪಿಂಚಣಿ ತಿಂಗಳ ಕೊನೆಗೆ ಬರುತ್ತದೆ. ಜೂನ್ ತಿಂಗಳ ಹಣ ಹಳೆ ಶಾಖೆಯ ಲೆಕ್ಕದಲ್ಲೇ ಬಂದರೆ ಹೆದರಬೇಕಿಲ್ಲ. ಜುಲೈ ಕೊನೆಗೆ ಶಿವಮೊಗ್ಗದ ಶಾಖೆಯಲ್ಲಿ ಪಾಸ್‌ಬುಕ್ ಬರೆಸಬೇಕು. ಎರಡು ವಿಷಯ ನೋಡಬೇಕು. ಮೊದಲ ಪುಟದಲ್ಲಿ ಶಿವಮೊಗ್ಗ ಶಾಖೆಯ ಹೆಸರು ಬಂದಿದೆಯೇ? ಒಳಗೆ ಪಿಂಚಣಿ ಜಮೆ ಆಗಿದೆಯೇ? ಎರಡೂ ಇದ್ದರೆ ಕೆಲಸ ಮುಗಿಯಿತು.

ಹೆಸರು ಬಂದಿದೆ, ಪಿಂಚಣಿ ಬಂದಿಲ್ಲ ಅಂದರೆ? ಖಾತೆ ಹೋಗಿದೆ, ಪಿಂಚಣಿಯ ಸುದ್ದಿ ಕೇಂದ್ರ ಕಚೇರಿಗೆ ಮುಟ್ಟಿಲ್ಲ ಅಂತ ಅನುಮಾನಿಸಬೇಕು. ಸೀಲು ಹಾಕಿದ ಪ್ರತಿ ತೋರಿಸಿ ಕೇಳಿ. ಒಂದು ವಿಷಯ ನೆನಪಿರಲಿ: ಮಾರ್ಚ್ ತಿಂಗಳ ಪಿಂಚಣಿ ಮಾತ್ರ ಏಪ್ರಿಲ್ ಮೊದಲ ವಾರದಲ್ಲಿ ಬರುತ್ತದೆ. ಅದು ತಪ್ಪಲ್ಲ.

ಬ್ಯಾಂಕೇ ಬೇರೆಯಾದರೆ

ಬೇರೆ ಬ್ಯಾಂಕಿಗೆ ಹೋಗಬೇಕಾದರೆ ಕಾಗದಗಳು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗಬೇಕು. ತಡವಾಗುತ್ತದೆ. ಅದಕ್ಕೇ ರಿಸರ್ವ್ ಬ್ಯಾಂಕು ಒಂದು ದಾರಿ ಮಾಡಿದೆ. ಹಳೆ ಶಾಖೆಯಲ್ಲಿ ಕೊನೆಯ ಪಿಂಚಣಿ ಬಂದ ದಿನದಿಂದ 3 ತಿಂಗಳ ತನಕ, ನಮ್ಮ ಕೈಯಲ್ಲಿರುವ ಪಿ.ಪಿ.ಓ.ದ ನಕಲು ನೋಡಿ ಹೊಸ ಶಾಖೆ ಪಿಂಚಣಿ ಕೊಡಬಹುದು. ಅಷ್ಟರೊಳಗೆ ಕಾಗದ ತರಿಸಿಕೊಳ್ಳೋದು ಬ್ಯಾಂಕುಗಳ ಕೆಲಸ. ಆದ್ದರಿಂದ ಪಿ.ಪಿ.ಓ. ಜೋಪಾನ. ಮೂಲ ಪ್ರತಿಯನ್ನು ರಸೀದಿ ಇಲ್ಲದೆ ಯಾರ ಕೈಗೂ ಕೊಡಬೇಡಿ.

ಯಶವಂತಪುರ, ಪೀಣ್ಯದ ಕಡೆ ಗಾರ್ಮೆಂಟ್ಸಿನಲ್ಲಿ ದುಡಿದವರಿಗೆ ಬರುವ ಪಿ.ಎಫ್. ಪಿಂಚಣಿಯ ದಾರಿ ಬೇರೆ. 2025ರ ಜನವರಿಯಿಂದ ಅದನ್ನು ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಡೆಯಬಹುದು. ಊರು ಬದಲಾಯಿತು ಅಂತ ಪಿ.ಪಿ.ಓ.ವನ್ನು ಒಂದು ಪಿ.ಎಫ್. ಕಚೇರಿಯಿಂದ ಇನ್ನೊಂದಕ್ಕೆ ಕಳಿಸುವ ಕೆಲಸ ಈಗ ಇಲ್ಲ.

ತಡವಾದರೆ

ಸರ್ಕಾರದ ಪಿಂಚಣಿಯನ್ನು ಬ್ಯಾಂಕು ತಡ ಮಾಡಿ ಹಾಕಿದರೆ, ತಡವಾದ ದಿನಗಳಿಗೆ ವರ್ಷಕ್ಕೆ ಶೇಕಡಾ 8ರ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ಇದೂ ರಿಸರ್ವ್ ಬ್ಯಾಂಕಿನ ನಿಯಮವೇ. ನಾವು ಕೇಳದೆಯೇ ಅದನ್ನು ಖಾತೆಗೆ ಹಾಕಬೇಕು. ಹಾಕದಿದ್ದರೆ ಕೇಳಲು ನಮ್ಮ ಬಳಿ ತಾರೀಕು ಇರಬೇಕಲ್ಲವೇ? ಸೀಲು ಹಾಕಿಸಿದ ಆ ಎರಡನೇ ಪ್ರತಿಯನ್ನು ಪಾಸ್‌ಬುಕ್ಕಿನ ಒಳಗೇ ಇಟ್ಟಿರಿ.