ಸೊಪ್ಪು ಮತ್ತು ಹಣ್ಣುಗಳನ್ನು ತೊಳೆಯುವ ಸರಿಯಾದ ಕ್ರಮ: ನೀರು, ಉಪ್ಪು, ವಿನೆಗರ್

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳಲ್ಲಿ ಮೆಂತ್ಯೆ, ಪಾಲಕ, ರಾಜಗಿರಿ, ಪುಂಡಿಪಲ್ಯ ಮತ್ತು ಕೊತ್ತಂಬರಿ ಸೊಪ್ಪು ನಿತ್ಯದ ಅಡುಗೆಗೆ ಬಳಕೆಯಲ್ಲಿವೆ. ಇವು ನೆಲಕ್ಕೆ ಹತ್ತಿರವಾಗಿ ಬೆಳೆಯುವುದರಿಂದ ಮಣ್ಣು ಅಂಟಿಕೊಳ್ಳುತ್ತದೆ. ಎಲೆಯ ಮೇಲೆ ಸಿಂಪಡಿಸಿದ ಔಷಧಿಯ ಶೇಷವೂ ಉಳಿಯುತ್ತದೆ. ಇವುಗಳನ್ನು ತೆಗೆಯಲು ನೀರು, ಉಪ್ಪು, ವಿನೆಗರ್ ಎಂಬ ಮೂರರಲ್ಲಿ ಯಾವುದು ಏನನ್ನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ.

ಒಂದು ಸೂಡು ಮೆಂತ್ಯೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಹಳದಿ ಮತ್ತು ಕೊಳೆತ ಎಲೆಗಳನ್ನು ಬೇರ್ಪಡಿಸಬೇಕು. ಕಟ್ಟಿದ ಸೂಡನ್ನೇ ನೀರಿಗೆ ಅದ್ದಿದರೆ ಒಳಗಿನ ಮಣ್ಣು ಹಾಗೆಯೇ ಉಳಿಯುತ್ತದೆ. ಅಗಲವಾದ ಪಾತ್ರೆಯಲ್ಲಿ 5 ಲೀಟರ್ ಕುಡಿಯಲು ಯೋಗ್ಯವಾದ ನೀರು ತೆಗೆದುಕೊಂಡು, ಸೊಪ್ಪನ್ನು ಮುಳುಗಿಸಿ ಕೈಯಿಂದ ಮೆಲ್ಲಗೆ ಅಲುಗಾಡಿಸಬೇಕು. ಎರಡು ನಿಮಿಷ ಬಿಟ್ಟರೆ ಮಣ್ಣು ತಳಕ್ಕೆ ಇಳಿಯುತ್ತದೆ. ಆಗ ಸೊಪ್ಪನ್ನು ಮೇಲಿನಿಂದ ಎತ್ತಿ ತೆಗೆಯಬೇಕೇ ಹೊರತು ಪಾತ್ರೆಯನ್ನು ಬಗ್ಗಿಸಿ ಸುರಿಯಬಾರದು. ಸುರಿದರೆ ತಳದ ಮಣ್ಣು ಮತ್ತೆ ಎಲೆಯ ಮೇಲೆಯೇ ಬೀಳುತ್ತದೆ. ಎರೆ ಮಣ್ಣು ನಯವಾಗಿ ಎಲೆಗೆ ಮೆತ್ತಿಕೊಳ್ಳುವುದರಿಂದ ಮೂರು ಬಾರಿ ನೀರು ಬದಲಿಸಬೇಕಾಗಬಹುದು. ಪಾತ್ರೆಯ ತಳವನ್ನು ಬೆರಳಿನಿಂದ ಸವರಿದಾಗ ಮಣ್ಣು, ಮರಳು ಸಿಗದಿದ್ದರೆ ಈ ಹಂತ ಮುಗಿದಂತೆ.

ಈ ಹಂತದಲ್ಲಿಯೇ ಔಷಧಿ ಶೇಷದ ಒಂದು ಭಾಗವೂ ಹೋಗುತ್ತದೆ. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರವು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ನಲ್ಲಿ ನೀರಿನಿಂದ ತೊಳೆದಾಗ ಪರೀಕ್ಷಿಸಿದ 12 ಕೀಟನಾಶಕ, ಶಿಲೀಂಧ್ರನಾಶಕಗಳ ಪೈಕಿ 9ರ ಶೇಷ ಕಡಿಮೆಯಾಗಿತ್ತು. ಔಷಧಿ ನೀರಿನಲ್ಲಿ ಕರಗುತ್ತದೆಯೇ ಎಂಬುದಕ್ಕೂ ಅದು ಹೋಗುವುದಕ್ಕೂ ಅಲ್ಲಿ ಸಂಬಂಧ ಕಂಡುಬರಲಿಲ್ಲ. ಮೇಲ್ಮೈಯ ಧೂಳು ಮತ್ತು ಕಣಗಳ ಜೊತೆಗೇ ಬಹಳಷ್ಟು ಶೇಷ ಹೊರಹೋಗುತ್ತದೆ. ಆದ್ದರಿಂದ ಏನು ಬೆರೆಸಬೇಕು ಎನ್ನುವುದಕ್ಕಿಂತ ಕೈಯಾಡಿಸಿ ತೊಳೆಯುವುದು ಮುಖ್ಯ.

ಮಣ್ಣು ಹೋದ ನಂತರವೇ ಉಪ್ಪು ನೀರನ್ನು ಬಳಸಬೇಕು. ಶೇಕಡಾ 2ರ ದ್ರಾವಣಕ್ಕೆ 1 ಲೀಟರ್ ನೀರಿಗೆ 20 ಗ್ರಾಂ, ಅಂದರೆ 5 ಲೀಟರಿಗೆ 100 ಗ್ರಾಂ ಅಡುಗೆ ಉಪ್ಪನ್ನು ಪೂರ್ಣ ಕರಗಿಸಿ, ಸೊಪ್ಪನ್ನು 10 ನಿಮಿಷ ಮುಳುಗಿಸಿಡಬೇಕು. ಎಲೆಗಳ ನಡುವೆ ಅಡಗಿರುವ ಸಣ್ಣ ಹುಳುಗಳೂ ಆಗ ಬಿಟ್ಟು ಹೊರಬರುತ್ತವೆ. ಅನಂತರ ಶುದ್ಧ ನೀರಿನಲ್ಲಿ ಎರಡು ಬಾರಿ ತೊಳೆಯಬೇಕು. ಹೆಚ್ಚು ಹೊತ್ತು ನೆನೆಸಿದರೆ ಎಲೆಗಳು ಬಾಡುತ್ತವೆ. ಸೊಪ್ಪನ್ನು ತೊಳೆದ ಮೇಲೆಯೇ ಹೆಚ್ಚಬೇಕು. ಹೆಚ್ಚಿ ತೊಳೆದರೆ ಪೋಷಕಾಂಶ ನೀರುಪಾಲಾಗುತ್ತದೆ.

ವಿನೆಗರ್ ಎಲ್ಲಕ್ಕೂ ಬೇಕಿಲ್ಲ. ದ್ರಾಕ್ಷಿಯ ಮೇಲೆ ಒಂದೇ ಸಮನಾಗಿ ಹರಡಿರುವ ಬಿಳಿ ಪುಡಿ ಔಷಧಿಯಲ್ಲ, ಹಣ್ಣಿನದೇ ಮೇಣ. ಆದರೆ ಬೋರ್ಡೋ ದ್ರಾವಣದಂತಹ ತಾಮ್ರಯುಕ್ತ ಸಿಂಪರಣೆಯು ಅಲ್ಲಲ್ಲಿ ನೀಲಿ ಅಥವಾ ಹಸಿರು ಮಿಶ್ರಿತ ಕಲೆಗಳಾಗಿ ಒಣಗಿರುತ್ತದೆ. ತಾಮ್ರದ ಈ ಶೇಷ ಆಮ್ಲದಲ್ಲಿ ಕರಗುವುದರಿಂದ ಇಲ್ಲಿ ವಿನೆಗರ್ ಉಪಯುಕ್ತ. 9 ಭಾಗ ನೀರಿಗೆ 1 ಭಾಗ ಅಡುಗೆ ವಿನೆಗರ್ ಬೆರೆಸಿ, ಗೊಂಚಲನ್ನು ಚಿಕ್ಕದಾಗಿ ಕತ್ತರಿಸಿ ಕೆಲವು ನಿಮಿಷ ಅದ್ದಿ, ಬೆರಳಿನಿಂದ ಉಜ್ಜಿ, ಶುದ್ಧ ನೀರಿನಲ್ಲಿ ತೊಳೆಯಬೇಕು. ಸ್ಟೀಲ್ ಪಾತ್ರೆಯನ್ನೇ ಬಳಸಬೇಕು. ಸೋಪು ಅಥವಾ ಬಟ್ಟೆ ತೊಳೆಯುವ ಪುಡಿಯನ್ನು ಎಂದಿಗೂ ಬಳಸಬಾರದು.

ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಫೇಟ್ ಮುಂತಾದ ಅಂತರ್ವ್ಯಾಪಿ ಕೀಟನಾಶಕಗಳು ಎಲೆಯ ಒಳಗೆ ಸೇರಿಕೊಳ್ಳುತ್ತವೆ. ಒಳಸೇರಿದ ಅಂಶವನ್ನು ನೀರಾಗಲಿ, ಉಪ್ಪಾಗಲಿ, ವಿನೆಗರ್ ಆಗಲಿ ತೆಗೆಯಲಾರದು. ಅದನ್ನು ತಡೆಯುವ ಹೊಣೆ ಹೊಲದಲ್ಲಿಯೇ ಇದೆ. ಹತ್ತಿಗೆ ತಂದು ಉಳಿದ ಔಷಧಿಯನ್ನು ಬದುವಿನ ಸೊಪ್ಪಿನ ಮಡಿಗೆ ಸಿಂಪಡಿಸಬಾರದು. ಡಬ್ಬಿಯ ಚೀಟಿಯಲ್ಲಿ ಆ ಬೆಳೆಯ ಹೆಸರಿದ್ದರೆ ಮಾತ್ರ ಬಳಸಿ, ಅಲ್ಲಿ ನಮೂದಿಸಿದ ಕಾಯುವ ಅವಧಿ ಮುಗಿದ ನಂತರವೇ ಕೊಯ್ಲು ಮಾಡಬೇಕು.

ಮಾರುಕಟ್ಟೆಗೆ ಒಯ್ಯುವ ಸೊಪ್ಪನ್ನು ಕಾಲುವೆ ಅಥವಾ ಹೊಂಡದ ನೀರಿನಲ್ಲಿ ಅದ್ದುವ ರೂಢಿಯನ್ನೂ ಬಿಡಬೇಕು. ಮಣ್ಣು ಹೋದಂತೆ ಕಂಡರೂ ಆ ನೀರಿನ ರೋಗಾಣುಗಳು ಎಲೆಗೆ ಸೇರುತ್ತವೆ. ಕೊಳವೆ ಬಾವಿಯ ಶುದ್ಧ ನೀರಿನಲ್ಲಿ ಬೇರು ತೊಳೆದು, ನೀರು ಬಸಿದು ಹೋಗುವಂತೆ ನೆರಳಿನಲ್ಲಿ ಹರಡಿ, ಆಮೇಲೆ ಸೂಡು ಕಟ್ಟಬೇಕು. ಒದ್ದೆಯಾಗಿಯೇ ಕಟ್ಟಿದ ಸೂಡು ಒಳಗಿನಿಂದ ಬಿಸಿಯೇರಿ ಬೇಗ ಕೊಳೆಯುತ್ತದೆ.